ಬಾಣಲೆಯೋ, ಓವನ್ನೋ: ಒಂದು ಶೇಂಗಾ ಚಟ್ನಿ ಪುಡಿಯ ಲೆಕ್ಕ

ನಮಸ್ಕಾರ ಕೇಳುಗರೇ.

ಈಗ ಎಷ್ಟೋ ಮನೆಗಳಲ್ಲಿ ಓಟಿಜಿ ಬಂದಿದೆ. ಕೇಕಿಗೆ ಅಂತ ತಂದದ್ದು, ವರ್ಷಕ್ಕೆ ಎರಡು ಸಲ ಕೇಕ್ ಮಾಡಿ, ಉಳಿದ ದಿನ ಅದರ ಮೇಲೆ ಪೇಪರ್ ಇಡುತ್ತಾರೆ. ಅದನ್ನು ಹುರಿಯೋದಕ್ಕೂ ಬಳಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬಳಸಬಹುದು. ಆದರೆ ಎಲ್ಲಕ್ಕೂ ಅಲ್ಲ. ಯಾವುದಕ್ಕೆ ಓವನ್, ಯಾವುದಕ್ಕೆ ಬಾಣಲೆ ಅನ್ನೋದನ್ನು ಇವತ್ತು ಒಂದೇ ಅಡುಗೆ ಹಿಡಿದು ನೋಡೋಣ. ಶೇಂಗಾ ಚಟ್ನಿ ಪುಡಿ. ಇದರಲ್ಲಿ ಬೀಜವೂ ಇದೆ, ಎಳ್ಳೂ ಇದೆ, ಮಸಾಲೆಯೂ ಇದೆ.

ಅರ್ಧ ಕೆಜಿ ಶೇಂಗಾ ಇಟ್ಟುಕೊಳ್ಳಿ. ಮೈಸೂರು ಕಡೆಯವರು ಕಡಲೆಕಾಯಿ ಬೀಜ ಅಂತೀರಿ, ಅದೇ. ಇದನ್ನು ಬಾಣಲೆಗೆ ಹಾಕಿದರೆ ಏನಾಗುತ್ತೆ? ಬೀಜ ದುಂಡಗಿರುತ್ತೆ. ಬಿಸಿ ಲೋಹಕ್ಕೆ ಅದರ ಮೈಯ ಒಂದು ಚುಕ್ಕೆಯಷ್ಟು ಜಾಗ ಮಾತ್ರ ತಾಗುತ್ತೆ. ಆ ಚುಕ್ಕೆ ಸುಡುತ್ತೆ, ಮಿಕ್ಕ ಭಾಗ ಬರೀ ಬೆಚ್ಚಗಾಗುತ್ತೆ. ಅದಕ್ಕೇ ಕೈ ಬಿಡದೆ ಕೆದಕಬೇಕು. ಉರಿ ಜಾಸ್ತಿ ಮಾಡಿದರಂತೂ ಮೇಲೆ ಕಪ್ಪು ಮಚ್ಚೆ, ಒಳಗೆ ಹಸಿ. ಅಂಥ ಶೇಂಗಾದ ಚಟ್ನಿ ಪುಡಿಯಲ್ಲಿ ಎರಡು ರುಚಿ ಒಟ್ಟಿಗೆ ಬರುತ್ತೆ, ಒಂದು ಕಹಿ, ಇನ್ನೊಂದು ಹಸಿ ವಾಸನೆ. ದಪ್ಪ ತಳದ ಬಾಣಲೆ, ಸಣ್ಣ ಉರಿ, 15ರಿಂದ 20 ನಿಮಿಷದ ತಾಳ್ಮೆ ಇದ್ದರೆ ಬಾಣಲೆಯಲ್ಲೂ ಚೆನ್ನಾಗಿ ಆಗುತ್ತೆ. ಇಲ್ಲ ಅಂತಲ್ಲ. ಅಷ್ಟು ಹೊತ್ತು ನಿಲ್ಲೋರು ಬೇಕಲ್ಲ!

ಬೀದಿಯಲ್ಲಿ ಶೇಂಗಾ ಹುರಿಯುವವರು ಇದಕ್ಕೆ ಯಾವತ್ತೋ ದಾರಿ ಕಂಡುಕೊಂಡಿದ್ದಾರೆ. ಬಾಣಲೆಗೆ ಮರಳು ಹಾಕಿ ಕಾಯಿಸುತ್ತಾರೆ. ಬಿಸಿ ಮರಳು ಬೀಜದ ಸುತ್ತ ಕೂರುತ್ತೆ, ಹಾಗಾಗಿ ಕಾವು ಎಲ್ಲ ಕಡೆಯಿಂದ ಬರುತ್ತೆ. ಮನೆಯಲ್ಲಿ ಇದನ್ನೇ ಕಲ್ಲುಪ್ಪಿನಲ್ಲಿ ಮಾಡಬಹುದು, ಆಮೇಲೆ ಜರಡಿ ಹಿಡಿದರಾಯಿತು. ಓವನ್ ಮಾಡೋದೂ ಇದೇ ಕೆಲಸ. ಅಲ್ಲಿ ಮರಳಿನ ಜಾಗದಲ್ಲಿ ಬಿಸಿ ಗಾಳಿ ಇದೆ. ಗಾಳಿ ಕಾವನ್ನು ನಿಧಾನಕ್ಕೆ ಕೊಡುತ್ತೆ. ಶೇಂಗಾ, ಬಾದಾಮಿಯಂಥ ದಪ್ಪ ಬೀಜಕ್ಕೆ ಆ ನಿಧಾನವೇ ಬೇಕು. ಮೇಲಿನದು ಸುಡುವ ಮೊದಲೇ ಒಳಗಿನದಕ್ಕೆ ಕಾವು ಮುಟ್ಟುತ್ತೆ.

ಈಗ ಮಾಡೋಣ. ಓವನ್ ಅನ್ನು 160 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು 10 ನಿಮಿಷ ಖಾಲಿ ಕಾಯಿಸಿ. ಶೇಂಗಾವನ್ನು ಟ್ರೇ ಮೇಲೆ ಒಂದೇ ಪದರವಾಗಿ ಹರಡಿ. ಒಂದರ ಮೇಲೊಂದು ಬಿದ್ದರೆ ಕೆಳಗಿನವು ಬೇಯುತ್ತವೆ, ಹುರಿಯೋದಿಲ್ಲ. ಟ್ರೇ ಚಿಕ್ಕದಾದರೆ ಎರಡು ಸಲ ಮಾಡಿ. 7–8 ನಿಮಿಷಕ್ಕೊಮ್ಮೆ ತೆಗೆದು ಕೈಯಾಡಿಸಿ, ಟ್ರೇಯನ್ನು ಹಿಂದು ಮುಂದು ಮಾಡಿ ಇಡಿ. ಸಣ್ಣ ಓವನ್‌ಗಳಲ್ಲಿ ಒಂದು ಮೂಲೆ ಯಾವಾಗಲೂ ಜಾಸ್ತಿ ಕಾಯುತ್ತೆ. ಒಟ್ಟು 20ರಿಂದ 25 ನಿಮಿಷ ಬೇಕು. ಗುಂಡಿಯ ಮೇಲೆ 160 ಅಂತ ಇದ್ದರೂ ಒಳಗೆ ಅಷ್ಟೇ ಇರುತ್ತೆ ಅನ್ನೋ ಭರವಸೆ ಇಲ್ಲ. ಹಾಗಾಗಿ 15ನೇ ನಿಮಿಷದಿಂದ ಗಡಿಯಾರ ಬಿಟ್ಟು ಬೀಜವನ್ನೇ ನೋಡಿ.

ಏನು ನೋಡಬೇಕು? ಮೊದಲು ಬರೋದು ಹಸಿ ವಾಸನೆ, ಸ್ವಲ್ಪ ಹಸಿ ಅವರೆಯ ಹಾಗೆ. ಬೀಜದ ನೀರು ಆವಿಯಾಗುವ ಹೊತ್ತು ಅದು. ನೀರು ಹೋದ ಮೇಲೇ ಬೀಜ ಬಣ್ಣ ತಿರುಗೋದು, ಆಗಲೇ ಹುರಿದ ಘಮ ಏಳೋದು. ಸಿಪ್ಪೆ ಅಲ್ಲಲ್ಲಿ ಬಿರಿದು ಸಣ್ಣಗೆ ಚಟಪಟ ಅನ್ನುತ್ತೆ. ಒಂದು ಬೀಜ ತೆಗೆದು, ಆರಿಸಿ, ಉಜ್ಜಿ. ಸಿಪ್ಪೆ ಸಲೀಸಾಗಿ ಬಿಡಬೇಕು. ಅಷ್ಟಕ್ಕೇ ಸಾಲದು. ಬೇಳೆ ಎರಡು ಮಾಡಿ ಒಳಮೈ ನೋಡಿ. ಬೆಳ್ಳಗಿದ್ದರೆ ಇನ್ನೂ ಆಗಿಲ್ಲ. ತಿಳಿ ಗೋಧಿ ಬಣ್ಣಕ್ಕೆ ಬಂದಿದ್ದರೆ ಆಗಲೇ ಹೊರಗೆ ತೆಗೆಯಿರಿ. ಪೂರ್ತಿ ಕೆಂಪಾಗಲಿ ಅಂತ ಕಾದರೆ ಕೆಟ್ಟಿತು. ಹೊರಗೆ ಬಂದ ಮೇಲೂ ಬೀಜ ತನ್ನ ಬಿಸಿಯಲ್ಲೇ ಇನ್ನೊಂದಿಷ್ಟು ಹುರಿಯುತ್ತೆ.

ಬಿಸಿಯಲ್ಲಿ ಕಚ್ಚಿ ನೋಡಿ "ಮೆತ್ತಗಿದೆ" ಅಂತ ಮತ್ತೆ ಒಳಗಿಡಬೇಡಿ. ಬಿಸಿ ಶೇಂಗಾ ಯಾವಾಗಲೂ ಮೆತ್ತಗೇ ಇರುತ್ತೆ. ಆರಿದ ಮೇಲೇ ಗರಿಗರಿ. ಬಿಸಿ ಟ್ರೇಯಿಂದ ಅಗಲ ತಟ್ಟೆಗೆ ಸುರಿದು ಆರಲು ಬಿಡಿ, ಆಮೇಲೆ ಉಜ್ಜಿ ಮೊರದಲ್ಲಿ ಕೇರಿ.

ಈಗ ಎಳ್ಳು. ಒಂದು ಹಿಡಿ ಸಾಕು. ಎಳ್ಳನ್ನು ಓವನ್‌ಗೆ ಇಡಬೇಡಿ ಅಂತಲೇ ನಾನು ಹೇಳೋದು. ಕಾವು ಮುಟ್ಟಬೇಕಾದ ಒಳಗು ಅದಕ್ಕೆ ಎಷ್ಟಿದೆ ಹೇಳಿ? ಹದಕ್ಕೂ ಸೀಯೋದಕ್ಕೂ ನಡುವೆ ಅರ್ಧ ನಿಮಿಷ ಇದ್ದರೆ ಹೆಚ್ಚು. ಓವನ್ ಬಾಗಿಲು ತೆಗೆದು ಟ್ರೇ ಎಳೆಯೋ ಅಷ್ಟರಲ್ಲಿ ಅದು ಮುಗಿದಿರುತ್ತೆ. ಬಾಣಲೆಯಲ್ಲಾದರೆ ಎಳ್ಳು ತಾನೇ ಹೇಳುತ್ತೆ. ಸಣ್ಣ ಉರಿಯಲ್ಲಿ 3–4 ನಿಮಿಷಕ್ಕೆ ಒಂದೆರಡು ಕಾಳು ಸಿಡಿಯುತ್ತವೆ. ಆಮೇಲೆ ಸಿಡಿತ ಜೋರಾಗಿ, ಕಾಳು ಉಬ್ಬಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ. ಅಲ್ಲಿಗೆ ಆಯಿತು. ಒಲೆ ಆರಿಸಿದರೆ ಸಾಲದು, ಬಾಣಲೆಯಿಂದಲೇ ಎಳ್ಳನ್ನು ಇಳಿಸಿ. ದಪ್ಪ ಬಾಣಲೆ ಒಲೆಯಿಲ್ಲದೆಯೂ ಸುಡುತ್ತೆ.

ಅದೇ ಬಾಣಲೆಗೆ 2 ಚಮಚ ಜೀರಿಗೆ. ಇದಕ್ಕೆ ಒಂದೂವರೆ, ಎರಡು ನಿಮಿಷ ಸಾಕು. ಬಣ್ಣ ಒಂದು ಛಾಯೆ ಗಾಢವಾಗಿ, ಘಮ ಮೇಲೆದ್ದ ಕೂಡಲೇ ಇಳಿಸಿ. ಮನೆಯೆಲ್ಲ ಘಮಘಮ ಅಂದರೆ ಬಹಳ ಚೆನ್ನಾಗಿ ಹುರಿದಿದೆ ಅಂತ ನಾವು ಹಿಗ್ಗುತ್ತೇವೆ, ಅಲ್ವಾ? ಜೀರಿಗೆಯ ಸುವಾಸನೆ ಅದರ ಎಣ್ಣೆಯಲ್ಲಿದೆ, ಆ ಎಣ್ಣೆ ಬಿಸಿಗೆ ಹಾರುವಂಥದ್ದು. ಮನೆಗೆ ಹಬ್ಬಿದ್ದೆಲ್ಲ ಡಬ್ಬಿಗೆ ಹೋಗದೆ ಉಳಿದದ್ದು. ಹೊಗೆ ಕಂಡರಂತೂ ಜೀರಿಗೆ ಕಹಿಯಾಯಿತು ಅಂತಲೇ ತಿಳಿಯಿರಿ. ಸಾರಿನ ಪುಡಿ ಮಾಡುವಾಗಲೂ ಕೊತ್ತಂಬರಿ, ಮೆಂತ್ಯ, ಜೀರಿಗೆ ಬೇರೆ ಬೇರೆ ಹುರಿಯೋದು ಇದಕ್ಕೇ. ಕೊತ್ತಂಬರಿ 4–5 ನಿಮಿಷ ಕೇಳುತ್ತೆ. ಅಷ್ಟು ಹೊತ್ತು ಮೆಂತ್ಯ ಜೊತೆಗಿದ್ದರೆ ಕಪ್ಪಾಗುತ್ತೆ. ಮೆಂತ್ಯ ಕೆಂಪಗಾದರೆ ಸಾಕು, ಕಂದಾದರೆ ಇಡೀ ಪುಡಿ ಕಹಿ.

ಉಳಿದದ್ದು 12–15 ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು. ಇವಕ್ಕೆ ಹುರಿಯೋದಕ್ಕಿಂತ ಒಣಗೋದೇ ಮುಖ್ಯ. ಬಾಣಲೆಗೆ ಹಾಕಿದರೆ ಮೆಣಸಿನಕಾಯಿ ಅಂಚು ಕಪ್ಪಾಗಿ, ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಬೇಕು. ಶೇಂಗಾ ಹೊರಗೆ ಬಂದ ಮೇಲೆ ಓವನ್ ಆರಿಸಿ, 5 ನಿಮಿಷ ಬಾಗಿಲು ಸ್ವಲ್ಪ ತೆರೆದಿಟ್ಟು, ತೊಟ್ಟು ಮುರಿದ ಮೆಣಸಿನಕಾಯಿ ಮತ್ತು ತೊಳೆದು ಚೆನ್ನಾಗಿ ಒರೆಸಿದ ಕರಿಬೇವನ್ನು ಅದೇ ಟ್ರೇ ಮೇಲೆ ಹರಡಿ ಒಳಗಿಡಿ. ಇಳಿಯುತ್ತಿರುವ ಕಾವು ಇವಕ್ಕೆ ಸಾಕು. 10 ನಿಮಿಷಕ್ಕೆ ಒಮ್ಮೆ ಮುಟ್ಟಿ ನೋಡಿ. ಎಲೆ ಹಸಿರಾಗೇ ಇದ್ದು ಮುಟ್ಟಿದರೆ ಮುರಿಯಬೇಕು, ಮೆಣಸಿನಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಮೆತ್ತಗಿದ್ದರೆ ಇನ್ನಷ್ಟು ಹೊತ್ತು ಬಿಡಿ.

ಎಲ್ಲ ತಣ್ಣಗಾದ ಮೇಲೆ ಮೊದಲು ಮೆಣಸಿನಕಾಯಿ, ಕರಿಬೇವು, ಜೀರಿಗೆ, ಉಪ್ಪು ಪುಡಿ ಮಾಡಿ. ಕೊನೆಗೆ ಶೇಂಗಾ, ಎಳ್ಳು, 15–20 ಎಸಳು ಬೆಳ್ಳುಳ್ಳಿ ಹಾಕಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ಓಡಿಸಿ. ಒಂದೇ ಸಮನೆ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಹುರಿದ ಶೇಂಗಾ ಹಸಿ ಶೇಂಗಾಕ್ಕಿಂತ ಬೇಗ ಕಮಟು ಹಿಡಿಯುತ್ತೆ, ಪುಡಿಯಾದರೆ ಇನ್ನೂ ಬೇಗ. ಹಾಗಾಗಿ ಎರಡು ವಾರಕ್ಕೆ ಬೇಕಾದಷ್ಟು ಹೊರಗಿಟ್ಟು, ಮಿಕ್ಕದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸಿ.

ನಮಸ್ಕಾರ.