ಪ್ರಬಂಧದ ವ್ಯಾಕರಣಕ್ಕೆ ಅಂಕ: ತಪ್ಪು ಎಣಿಸಬೇಡಿ, ತಪ್ಪಿನ ಬಗೆ ನೋಡಿ

[ತೆರೆ: ಮುಂಬಯಿಯ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಯ ಬರಹದ ಮಾದರಿ]

"ಬೆಳಿಗ್ಗೆ ಜೋರು ಮಳೆ ಬಂತು. ನಾನು ಮತ್ತು ಅಕ್ಕ ದಾದರ್ ಸ್ಟೇಷನ್ನಿಗೆ ಹೋದೆನು. ಗಾಡಿ ತಡವಾಗಿ ಬಂದಳು. ಜನರು ಒಳಗೆ ನುಗ್ಗಿತು. ನನಗೆ ಬೇಗ ಶಾಲೆಗೆ ಹೋಗಬೇಕಿತ್ತು."

ನಿರೂಪಣೆ: ಕೆಂಪು ಪೆನ್ನು ಹಿಡಿದರೆ ಇಲ್ಲಿ ಮೂರು ಗೆರೆ ಬೀಳುತ್ತವೆ. ಹೋದೆವು, ಬಂತು, ನುಗ್ಗಿದರು ಎಂದಾಗಬೇಕಿತ್ತು. ಆದರೆ ಮೂರೂ ಒಂದೇ ಬಗೆ: ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ತಪ್ಪಿದೆ. 'ಗಾಡಿ ಬಂದಳು' ಎಲ್ಲಿಂದ ಬಂತು? ಮರಾಠಿಯಲ್ಲಿ ಗಾಡಿ ಸ್ತ್ರೀಲಿಂಗ, 'ಗಾಡಿ ಆಲಿ' ಎನ್ನುತ್ತಾರೆ. ಮೊದಲ ವಾಕ್ಯದಲ್ಲಿ 'ಮಳೆ ಬಂತು' ಸರಿಯಾಗಿಯೇ ಇದೆ. ಅಂದರೆ ಮಗುವಿಗೆ ನಪುಂಸಕಲಿಂಗ ಗೊತ್ತಿದೆ, ಗಾಡಿಯ ಹತ್ತಿರ ಮರಾಠಿ ಕೈ ಹಿಡಿದಿದೆ.

'ನನಗೆ ಹೋಗಬೇಕಿತ್ತು' ಎಂಬುದಕ್ಕೆ ಗೆರೆ ಹಾಕಬೇಡಿ. ಕರಾವಳಿಯ ಮನೆಗಳಲ್ಲಿ ಹಾಗೆಯೇ ಮಾತಾಡುತ್ತಾರೆ. ಆಡುಮಾತಿನ ರೂಪವನ್ನು ತಪ್ಪಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ ಎನ್ನುವುದು ನಮ್ಮ ನಿಲುವು. ಬೇಕಿದ್ದರೆ ಪಕ್ಕದಲ್ಲಿ 'ನಾನು' ಎಂದು ಬರೆದಿಡಿ, ಅಂಕ ಮುಟ್ಟಬೇಡಿ.

[ತೆರೆ: ನಾಲ್ಕು ಮಟ್ಟಗಳು]

ಇದು ಬೋರ್ಡಿನ ಅಂಕಪದ್ಧತಿಯಲ್ಲ, ತರಗತಿಯ ಬರಹಕ್ಕೆ ಮಾಡಿಕೊಂಡ ಅಳತೆಗೋಲು.

4 ಅಂಕ: ಒಂದೆರಡು ಕೈತಪ್ಪು ಮಾತ್ರ. ಅದೇ ನಿಯಮ ಬೇರೆ ವಾಕ್ಯಗಳಲ್ಲಿ ಸರಿಯಾಗಿದೆ. ಉದ್ದ ವಾಕ್ಯಗಳೂ ಇವೆ.
3 ಅಂಕ: ಒಂದೇ ಬಗೆಯ ತಪ್ಪು ಮರುಕಳಿಸುತ್ತದೆ, ಓದು ಎಲ್ಲೂ ನಿಲ್ಲುವುದಿಲ್ಲ.
2 ಅಂಕ: ಎರಡು ಮೂರು ಬಗೆ ಮರುಕಳಿಸುತ್ತವೆ, ಕೆಲವು ವಾಕ್ಯ ಎರಡು ಸಲ ಓದಬೇಕು.
1 ಅಂಕ: ಹೆಚ್ಚಿನ ವಾಕ್ಯಗಳ ಅರ್ಥವನ್ನು ಊಹಿಸಬೇಕು.

ಉಳಿದ ಪುಟವೂ ಹೀಗೆಯೇ ಇದ್ದರೆ ನಮ್ಮ ಮಾದರಿಗೆ 3. ಬರೀ ಎಣಿಸಿದ್ದರೆ ಅದು 1ಕ್ಕೆ ಇಳಿಯುತ್ತಿತ್ತು.

ಅಕ್ಕಿ-ಹಕ್ಕಿ, ಒತ್ತಕ್ಷರ, ಮಹಾಪ್ರಾಣದ ತಪ್ಪುಗಳನ್ನು ಕಾಗುಣಿತದ ಅಂಕಣಕ್ಕೆ ಹಾಕಿ. ಇಲ್ಲೂ ಕಳೆದರೆ ಒಂದೇ ತಪ್ಪಿಗೆ ಎರಡು ದಂಡ.

[ತೆರೆ: ಟಿಪ್ಪಣಿಗಳು]

'ವ್ಯಾಕರಣ ಸುಧಾರಿಸು' ಎಂದು ಬರೆದರೆ ಮಗು ಏನು ಮಾಡಬೇಕು? 3ರ ಮಟ್ಟಕ್ಕೆ ಹೀಗೆ ಬರೆಯಿರಿ: "'ನಾನು ಮತ್ತು ಅಕ್ಕ' ಅಂದರೆ 'ನಾವು', ಅದಕ್ಕೆ 'ಹೋದೆವು'. ಇಂಥವು ಇನ್ನೂ ಎರಡಿವೆ, ನೀನೇ ಹುಡುಕು." 2ಕ್ಕೆ: "ಈ ಸಲ ಕ್ರಿಯಾಪದಗಳ ಕೊನೆ ಮಾತ್ರ ತಿದ್ದು. ವಿಭಕ್ತಿಯನ್ನು ಮುಂದಿನ ವಾರ ನೋಡೋಣ." 1ಕ್ಕೆ: "ಈ ಮೂರು ವಾಕ್ಯ ನನಗೆ ಬಾಯಲ್ಲಿ ಹೇಳು, ಹೇಳಿದಂತೆಯೇ ಮತ್ತೆ ಬರೆ." 4ಕ್ಕೂ ಟಿಪ್ಪಣಿ ಬೇಕು: "'ಮಳೆ ನಿಂತ ಮೇಲೆ ಹೊರಟ ಗಾಡಿ' ಚೆನ್ನಾಗಿ ಕೂತಿದೆ. ಇಂಥದ್ದು ಇನ್ನೊಂದು ಬರೆ."

ಒಂದು ಕಡೆ ಈ ಅಳತೆಗೋಲು ಮೋಸಹೋಗುತ್ತದೆ. ತಪ್ಪಿಗೆ ಹೆದರಿದ ಮಗು "ಮಳೆ ಬಂತು. ಶಾಲೆ ಇತ್ತು." ಎಂದು ನಾಲ್ಕೇ ಸಾಲಲ್ಲಿ ಮುಗಿಸುತ್ತದೆ, ತಪ್ಪೇ ಸಿಗುವುದಿಲ್ಲ. ಅದಕ್ಕೇ 4ರಲ್ಲಿ ಉದ್ದ ವಾಕ್ಯದ ಷರತ್ತು ಇಟ್ಟಿರುವುದು. ಇಂಥ ಬರಹಕ್ಕೆ 3 ಕೊಟ್ಟು, "'ಆದ್ದರಿಂದ' ಹಾಕಿ ಎರಡು ವಾಕ್ಯ ಜೋಡಿಸು" ಎಂದು ಬರೆಯಿರಿ.