ಈ ಕಾಲ್ಗಡಗಕ್ಕೆ ವಯಸ್ಸೆಷ್ಟು?

ಎಲ್ಲರಿಗೂ ನಮಸ್ಕಾರ. ಡಾಬು, ಕಾಲ್ಗೆಜ್ಜೆ, ಲಂಬಾಣಿ ಒಡವೆ ಅಂತ ಶುರು ಮಾಡಿದರೆ ಸಂಜೆಯಾಗುತ್ತದೆ. ಅದಕ್ಕೇ ಇವತ್ತು ಮೇಜಿನ ಮೇಲಿರುವ ಈ ಒಂದು ಜೊತೆ ಗಟ್ಟಿ ಬೆಳ್ಳಿ ಕಾಲ್ಗಡಗವನ್ನಷ್ಟೇ ನೋಡೋಣ. ಇಲ್ಲೇ ಬೆಂಗಳೂರಿನ ಪೇಟೆಯಲ್ಲಿ "ನೂರು ವರ್ಷ ಹಳೇದು" ಅಂತ ಹೇಳಿ ಮಾರಿದ್ದು.

ಮೊದಲು ಸವೆತ. ನಡೆಯುವಾಗ ಎರಡು ಕಾಲಿನ ಕಡಗ ಒಳಮಗ್ಗುಲಲ್ಲಿ ಒಂದಕ್ಕೊಂದು ತಾಗುತ್ತವೆ. ಇಲ್ಲಿ ನೋಡಿ, ಆ ಕಡೆ ಚುಕ್ಕಿಗಳು ಅಳಿಸಿಹೋಗಿವೆ, ಹೊರಗಡೆ ಇನ್ನೂ ಕೈಗೆ ಚುಚ್ಚುತ್ತವೆ. ಎಡದ್ದು, ಬಲದ್ದು ಎರಡರಲ್ಲೂ ಎದುರುಬದುರು ಹಾಗೇ ಇದೆ. ಯಂತ್ರದಲ್ಲಿ ಉಜ್ಜಿ ಹಳೇದು ಮಾಡಿದ್ದರೆ ಸುತ್ತಲೂ ಒಂದೇ ಸಮ ಸವೆದಿರುತ್ತಿತ್ತು. ಅಂದರೆ ಯಾರೋ ನಿಜವಾಗಲೂ ಹಾಕಿಕೊಂಡಿದ್ದಾರೆ. ಆದರೆ ಹುಷಾರು, ಸವೆತ ಹೇಳುವುದು ಎಷ್ಟು ತೊಟ್ಟರು ಅಂತ, ಯಾವಾಗ ಮಾಡಿದರು ಅಂತ ಅಲ್ಲ. ಇಪ್ಪತ್ತು ವರ್ಷ ಹೊಲದಲ್ಲಿ ಓಡಾಡಿದ ಕಡಗ, ನೂರು ವರ್ಷ ಪೆಟ್ಟಿಗೆಯಲ್ಲಿದ್ದ ಕಡಗಕ್ಕಿಂತ ಜಾಸ್ತಿ ಸವೆದಿರುತ್ತದೆ, ಅಲ್ವಾ?

ಇಸವಿಯ ಸುಳಿವು ಬೆಳ್ಳಿಗೆ ಸೇರಿಸಿದ ಲೋಹಗಳ ಬೆರಕೆಯಲ್ಲಿದೆ. ಹಳ್ಳಿಗಳಲ್ಲಿ ಎಷ್ಟೋ ಜನ ಬೆಳ್ಳಿ ರೂಪಾಯಿಗಳನ್ನೇ ಅಕ್ಕಸಾಲಿಗೆ ಕೊಟ್ಟು ಕರಗಿಸಿ ಒಡವೆ ಮಾಡಿಸುತ್ತಿದ್ದರು. ವಿಕ್ಟೋರಿಯಾ ಕಾಲದ ರೂಪಾಯಿಯಲ್ಲಿ ಶೇಕಡಾ 91.7 ಬೆಳ್ಳಿ, ಉಳಿದದ್ದು ತಾಮ್ರ. 1940ರಲ್ಲಿ ಯುದ್ಧದ ಹೊತ್ತಿಗೆ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು: 50 ಬೆಳ್ಳಿ, 40 ತಾಮ್ರ, 5 ನಿಕಲ್, 5 ಸತು.

ಹಾಗಾಗಿ ಈ ಕಡಗವನ್ನು ತೂಗಿದೆವು. ಗಾಳಿಯಲ್ಲಿ 210 ಗ್ರಾಂ. ದಾರ ಕಟ್ಟಿ ನೀರಲ್ಲಿ ಮುಳುಗಿಸಿದಾಗ 22 ಗ್ರಾಂ ಕಡಿಮೆ. ಭಾಗಿಸಿದರೆ ಸಾಂದ್ರತೆ ಸುಮಾರು 9.5. ಹಳೇ ರೂಪಾಯಿಯ ಬೆಳ್ಳಿ ಆಗಿದ್ದರೆ 10.3ರ ಹತ್ತಿರ ಬರಬೇಕಿತ್ತು. ಸುಮ್ನೆ ತಾಮ್ರ ಜಾಸ್ತಿ ಬೆರೆಸಿದರೂ ಸಾಂದ್ರತೆ ಇಳಿಯುತ್ತದೆ, ಅದಕ್ಕೇ ಎಕ್ಸ್‌-ಕಿರಣ ಹಾಯಿಸಿ ಯಾವ ಲೋಹ ಎಷ್ಟಿದೆ ಅಂತ ಹೇಳುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಕೊಟ್ಟೆವು. ಆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ, ಹಳೇ ಒಡವೆಯ ಮೇಲ್ಮೈಯಲ್ಲಿ ತಾಮ್ರ ಕಳೆದುಹೋಗಿ ಬೆಳ್ಳಿ ಜಾಸ್ತಿ ಕಾಣುತ್ತದೆ. ಆದ್ದರಿಂದ ಒಳಬದಿಯಲ್ಲಿ ಒಂದು ಚೂರು ಅರ ಹಾಕಿ ಅಲ್ಲೇ ಓದಿಸಿದೆವು. ನಿಕಲ್, ಸತು ಎರಡೂ ಸಿಕ್ಕವು, ಒಂದೊಂದೂ ತಾಮ್ರದ ಎಂಟನೇ ಒಂದು ಭಾಗದಷ್ಟು, ಯುದ್ಧಕಾಲದ ರೂಪಾಯಿಯಲ್ಲಿದ್ದ ಹಾಗೇ. ತಾಮ್ರ, ನಿಕಲ್, ಸತುವಿನ ಬೆರಕೆಯಾದ ಜರ್ಮನ್ ಸಿಲ್ವರ್ ಸೇರಿಸಿದ್ದರೆ ತಾಮ್ರಕ್ಕೆ ಹೋಲಿಸಿದಾಗ ನಿಕಲ್ ಇದಕ್ಕಿಂತ ಬಹಳ ಜಾಸ್ತಿ ಇರುತ್ತಿತ್ತು. ಇದು ಯುದ್ಧಕಾಲದ ರೂಪಾಯಿ ಕರಗಿಸಿದ್ದೇ.

ಪೊಳ್ಳು ಕಡಗಕ್ಕೆ ಈ ನೀರಿನ ಲೆಕ್ಕ ನಡೆಯುವುದಿಲ್ಲ. ಒಳಗೆ ಅರಗು ತುಂಬಿದ್ದರೆ ಸಾಂದ್ರತೆ ಸುಳ್ಳು ಹೇಳುತ್ತದೆ.

ಇನ್ನು ಕೆಲಸ. ಚುಕ್ಕಿಗಳ ಅಂತರ ನೋಡಿ, ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ, ಒಂದೆರಡು ಕಡೆ ಉಳಿ ಜಾರಿದೆ. ಕೈಯಲ್ಲಿ ಹೊಡೆದದ್ದು. ಅಚ್ಚಿನಲ್ಲಿ ಎರಕ ಹೊಯ್ದಿದ್ದರೆ ಎರಡು ಕಡಗದಲ್ಲೂ ಒಂದೇ ಜಾಗದಲ್ಲಿ ಒಂದೇ ತಪ್ಪು ಇರುತ್ತಿತ್ತು.

ಹಾಗಾದರೆ ತೀರ್ಪು? ಕೈಕೆಲಸ ನಿಜ, ತೊಟ್ಟಿದ್ದೂ ನಿಜ, ನೂರು ವರ್ಷ ಮಾತ್ರ ಸುಳ್ಳು. 1940ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಆ ನಾಣ್ಯಗಳು ಆಮೇಲೂ ಮನೆಗಳಲ್ಲಿ ಉಳಿದಿದ್ದವು, ಹಾಗಾಗಿ 1945 ಆಗಿರಬಹುದು, 1965ಕ್ಕೂ ಆಗಿರಬಹುದು. ನಾಣ್ಯ ಪೋಣಿಸಿದ ಡಾಬಿಗೂ ಇದೇ ಲೆಕ್ಕ: ಅದರಲ್ಲಿರುವ ಅತಿ ಹೊಸ ನಾಣ್ಯದ ಇಸವಿ ನೋಡಿ, ಹಳೇದನ್ನಲ್ಲ.