ಬಜೆಟ್ ಕಾಲಂನಲ್ಲಿ ಒಂದೇ ಅಂಕಿ ಸಾಲದು

ಏಜೆಂಟ್ ಮಿತ್ರರೇ,

ಮನೆ ಕೊಳ್ಳಲು ಬಂದವರಿಂದ ನೀವು ತುಂಬಿಸಿಕೊಳ್ಳುವ ನಮೂನೆಯಲ್ಲಿ ‘ಬಜೆಟ್ ಎಷ್ಟು?’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದನ್ನು ತೆಗೆದುಹಾಕಿ ಎನ್ನುವುದು ನನ್ನ ಸಲಹೆ. ಅದರ ಬದಲು ಎರಡು ಪ್ರಶ್ನೆ ಕೇಳಿ: ಕೈಯಲ್ಲಿ ಸ್ವಂತ ಹಣ ಎಷ್ಟಿದೆ? ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆಗಿರುವ ದಂಪತಿ ಮರುಮಾರಾಟದ ಫ್ಲ್ಯಾಟ್‌ಗೆ ‘80 ಲಕ್ಷ’ ಎನ್ನುತ್ತಾರೆ. ಬ್ಯಾಂಕ್ ಹೆಚ್ಚೆಂದರೆ ಬೆಲೆಯ ಶೇ 80ರಷ್ಟು, ಅಂದರೆ 64 ಲಕ್ಷ ಸಾಲ ಕೊಡುತ್ತದೆ. ಉಳಿದ 16 ಲಕ್ಷ ಅವರದೇ. ಜೊತೆಗೆ ಪೂರ್ತಿ ಬೆಲೆಯ ಮೇಲೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. ಒಟ್ಟು ಸುಮಾರು 6 ಲಕ್ಷ. ಇದಕ್ಕೆ ಗೃಹಸಾಲ ಸಿಗುವುದಿಲ್ಲ. ಎಂದರೆ ನಮ್ಮ ಕಮಿಷನ್ ಬಿಟ್ಟೇ 22 ಲಕ್ಷ ಕೈಯಲ್ಲಿರಬೇಕು. ಅವರ ಹತ್ತಿರ ಇರುವುದು 18 ಲಕ್ಷವಾದರೆ, ನಿಜವಾಗಿ ಅವರು 65 ಲಕ್ಷದ ಗಿರಾಕಿ. ಇದು ಗೊತ್ತಿಲ್ಲದೆ ನೀವು ತೋರಿಸುವ ಮನೆಗಳೆಲ್ಲ ಅವರಿಗೆ ಇಷ್ಟವಾಗುತ್ತವೆ, ಒಂದೂ ಕುದುರುವುದಿಲ್ಲ.

ಆ 65 ಲಕ್ಷಕ್ಕೆ 52 ಲಕ್ಷ ಸಾಲ, ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 45 ಸಾವಿರ. ಕಾರಿನ ಸಾಲದಂಥ ಬೇರೆ ಕಂತು ಈಗಾಗಲೇ ಇದೆಯೇ ಎಂದು ಇಲ್ಲಿಯೇ ಕೇಳಿಬಿಡಿ. ಬ್ಯಾಂಕಿನವರಂತೂ ಕೇಳಿಯೇ ಕೇಳುತ್ತಾರೆ.

ಇನ್ನು ಸಮಯದ ಪ್ರಶ್ನೆ. ‘ಎರಡು ತಿಂಗಳಲ್ಲಿ ಬೇಕು’ ಎಂದರೆ ನಂಬಬೇಡಿ, 18 ಲಕ್ಷ ಎಲ್ಲಿದೆ ಎಂದು ಕೇಳಿ. ಠೇವಣಿಯಲ್ಲಿದ್ದರೆ ಸರಿ. ಹಾಸನದ ನಿವೇಶನ ಮಾರಿ ಬರಬೇಕಾದ ಹಣವಾದರೆ, ಆ ನಿವೇಶನಕ್ಕೆ ಕೊಳ್ಳುವವರು ಸಿಕ್ಕಿ ಕ್ರಯಪತ್ರ ಆಗುವವರೆಗೆ ಮುಂಗಡ ಕೊಡಿಸಲು ಹೋಗಬೇಡಿ. ಕರಾರಿನ ಗಡುವು ಮೀರಿದರೆ ಮುಂಗಡಕ್ಕಾಗಿ ಮಾರುವವರೊಡನೆ ಜಗಳ ಶುರುವಾಗುತ್ತದೆ.

ಬಡಾವಣೆಯ ವಿಷಯದಲ್ಲಿ ಹೆಸರು ಕೇಳುವುದು ವ್ಯರ್ಥ. ಎಲ್ಲರೂ ಇಂದಿರಾನಗರ ಎನ್ನುತ್ತಾರೆ. ಗಂಡನ ಕಚೇರಿ ವೈಟ್‌ಫೀಲ್ಡ್‌ನಲ್ಲಿ, ಮಗಳ ಶಾಲೆ ವಿಜಯನಗರದಲ್ಲಿ ಎಂದು ಬರೆದುಕೊಂಡರೆ ನೇರಳೆ ಮೆಟ್ರೊ ಮಾರ್ಗ ಕಣ್ಣಿಗೆ ಬೀಳುತ್ತದೆ. ಅದೇ ಮಾರ್ಗದ ಕೆಂಗೇರಿಯನ್ನು ಅವರು ಯೋಚಿಸಿರಲಿಕ್ಕೂ ಇಲ್ಲ. ಎ ಖಾತಾ ಇದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ಬಿ ಖಾತಾಕ್ಕೆ ಅನೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ಆಗ ನಮ್ಮ 52 ಲಕ್ಷದ ಲೆಕ್ಕವೇ ಬಿದ್ದುಹೋಗುತ್ತದೆ.

ಕುಟುಂಬದ ಕಾಲಂನಲ್ಲಿ ತಲೆ ಎಣಿಸಿದರೆ ಸಾಲದು. ಮಂಡಿನೋವಿನ ಅತ್ತೆ ಜೊತೆಗಿದ್ದರೆ ಲಿಫ್ಟ್ ಇಲ್ಲದ ಮೂರನೆಯ ಮಹಡಿ ಪಟ್ಟಿಗೇ ಬರಬಾರದು. ದಕ್ಷಿಣದ ಬಾಗಿಲು ಬೇಡವೆನ್ನುವವರು ಮನೆಯಲ್ಲಿ ಯಾರೆಂದೂ ಕೇಳಿ. ನಮೂನೆ ತುಂಬಿದವರು ಮಗ–ಸೊಸೆ ಇರಬಹುದು. ಆದರೆ ಹಾಗೆ ಬೇಡವೆನ್ನುವ ಹಿರಿಯರಿದ್ದರೆ ಮನೆ ನೋಡುವ ಮೊದಲ ದಿನವೇ ಅವರನ್ನು ಕರೆದುಕೊಂಡು ಬರಲು ಹೇಳಿ.